ಡ್ಯಾಶ್‌ಬೋರ್ಡ್ ಲಾಭ ತೋರಿಸುತ್ತಿದೆ, ಖಾತೆಯಲ್ಲಿ ಹಣ ಕರಗುತ್ತಿದೆ. ಲೆಕ್ಕ ಎಲ್ಲಿ ತಪ್ಪಿದೆ?

ಕಾಗದದೋಣಿ

ಕೈಯಿಂದ ಹೊಲಿದು ಕಟ್ಟಿದ ನೋಟ್‌ಬುಕ್‌ಗಳನ್ನು ನನ್ನದೇ ಜಾಲತಾಣದಲ್ಲಿ ಮಾರುತ್ತೇನೆ. ಇಡೀ ಸಂಸ್ಥೆ ಎಂದರೆ ನಾನು ಮತ್ತು ಪ್ಯಾಕಿಂಗ್‌ಗೆ ಕೈ ಜೋಡಿಸುವ ನನ್ನ ತಂಗಿ. ಇಲ್ಲಿಯವರೆಗೆ ಬಾಯಿಮಾತಿನಿಂದಲೇ ಮಾರಾಟ ನಡೆಯುತ್ತಿತ್ತು. ಮೊದಲ ಬಾರಿಗೆ ಧೈರ್ಯ ಮಾಡಿ ಒಂದು ಸಾಮಾಜಿಕ ಜಾಲತಾಣದಲ್ಲಿ 14 ದಿನ ಜಾಹೀರಾತು ಹಾಕಿದೆ.

ಡ್ಯಾಶ್‌ಬೋರ್ಡ್ ಹೇಳುವುದು ಇಷ್ಟು. ರೀಚ್, ಅಂದರೆ ಜಾಹೀರಾತು ಕಂಡ ಜನ, 60,000. ಇಂಪ್ರೆಷನ್, ಅಂದರೆ ಜಾಹೀರಾತು ತೆರೆಯ ಮೇಲೆ ಬಂದ ಒಟ್ಟು ಸಲ, 1,50,000. ಕ್ಲಿಕ್ 3,000, ಅಂದರೆ ಕ್ಲಿಕ್ ದರ ಶೇ 2. ಖರೀದಿ 45. ಖರ್ಚು 18,000. ಹಾಗಾದರೆ ಒಂದು ಖರೀದಿಗೆ 400 ಬಿತ್ತು.

ನನ್ನ ಸರಾಸರಿ ಆರ್ಡರ್ 1,000. ಅದರಲ್ಲಿ ಸಾಮಗ್ರಿ ಮತ್ತು ಕೂಲಿಗೆ 450, ಪ್ಯಾಕಿಂಗ್ ಮತ್ತು ಸಾಗಣೆಗೆ 110, ಹಣ ಪಾವತಿಯ ಕಡಿತಕ್ಕೆ 20 ಹೋದರೆ ಕೈಯಲ್ಲಿ ಉಳಿಯುವುದು 420. ಅದರಲ್ಲಿ ಜಾಹೀರಾತಿನ 400 ಕಳೆದರೂ ಆರ್ಡರಿಗೆ 20 ಉಳಿಯಬೇಕು. ಹೆಚ್ಚೇನಲ್ಲ, ಆದರೆ ನಷ್ಟವಂತೂ ಅಲ್ಲ ಅಂದುಕೊಂಡೆ.

ಈಗ ಖಾತೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಜಾಹೀರಾತಿಲ್ಲದ ಸಾಮಾನ್ಯ 14 ದಿನಗಳಲ್ಲಿ ನನಗೆ ಸುಮಾರು 10,000 ಉಳಿಯುತ್ತಿತ್ತು. ಈ 14 ದಿನಗಳಲ್ಲಿ ಉಳಿಯುವುದಿರಲಿ, 2,700ರಷ್ಟು ಕೈಯಿಂದಲೇ ಹೋಗಿದೆ. ಎರಡು ಸಲ ಕೂಡಿಸಿ ನೋಡಿದೆ. ಇದು ಹೇಗೆ ಸಾಧ್ಯ?

ಉತ್ಸಾಹಿ

60,000 ರೀಚ್ ಬಂದಿದೆ ಎಂದರೆ ಸಣ್ಣ ಮಾತಲ್ಲ! ಮೊದಲ ಜಾಹೀರಾತಿನಲ್ಲೇ ಲಾಭ ನಿರೀಕ್ಷಿಸಬೇಡಿ. ಹೆಸರು ಜನರ ಮನಸ್ಸಿನಲ್ಲಿ ಕೂರಬೇಕು, ಆಮೇಲೆ ತಾನಾಗಿಯೇ ಬರುತ್ತಾರೆ. ಅಂದ ಹಾಗೆ ನಿಮ್ಮ ಕ್ಲಿಕ್ ದರವನ್ನು ತಪ್ಪಾಗಿ ಲೆಕ್ಕ ಹಾಕಿದ್ದೀರಿ. 60,000 ಜನರಲ್ಲಿ 3,000 ಎಂದರೆ ಶೇ 5. ಅದು ಅದ್ಭುತ.

ಲೆಕ್ಕಪುಸ್ತಕ

ಉತ್ಸಾಹಿ ಅವರೇ, ಕ್ಲಿಕ್ ದರಕ್ಕೆ ಕ್ಲಿಕ್ ಸಂಖ್ಯೆಯನ್ನು ಇಂಪ್ರೆಷನ್‌ನಿಂದ ಭಾಗಿಸುತ್ತಾರೆ, ರೀಚ್‌ನಿಂದಲ್ಲ. ಇಲ್ಲಿ ಒಬ್ಬೊಬ್ಬರಿಗೆ ಸರಾಸರಿ ಎರಡೂವರೆ ಸಲ ಜಾಹೀರಾತು ಕಂಡಿದೆ. ನಿಮ್ಮ ರೀತಿ ಭಾಗಿಸಿದರೆ, ಅದೇ ಜನರಿಗೆ ಹತ್ತು ಸಲ ತೋರಿಸಿ ಬೇಸರ ತರಿಸಿದರೂ ಶೇಕಡಾವಾರು ಏರುತ್ತಲೇ ಹೋಗುತ್ತದೆ.

ದೋಣಿ ಅವರೇ, ಮೂರು ವಿಷಯ ಬೇಕು. ಒಂದು, 3,000 ಕ್ಲಿಕ್ ಎಂದಿರಲ್ಲ, ಅದು ಎಲ್ಲ ಕ್ಲಿಕ್ಕೋ ಲಿಂಕ್ ಕ್ಲಿಕ್ಕೋ? ಎರಡು, ಡ್ಯಾಶ್‌ಬೋರ್ಡ್ ಬಿಟ್ಟುಬಿಡಿ, ನಿಮ್ಮ ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಆ 14 ದಿನ ಎಷ್ಟು ಆರ್ಡರ್ ಇವೆ, ಅದರಲ್ಲಿ ಹಳೆಯ ಗ್ರಾಹಕರು ಎಷ್ಟು, ವಾಪಸ್ ಬಂದದ್ದು ಎಷ್ಟು? ಮೂರು, ಜಾಹೀರಾತಿನಲ್ಲಿ ರಿಯಾಯಿತಿ ಏನಾದರೂ ಕೊಟ್ಟಿದ್ದಿರಾ?

ಮೂರನೇಬೆಂಚು

ಮೂರನೇ ಪ್ರಶ್ನೆಗೆ ಉತ್ತರ "ಹೌದು" ಎಂದು ಪಂದ್ಯ ಕಟ್ಟುತ್ತೇನೆ.

ಹೊಸಬ

ನನಗೂ ಇದೇ ಸಮಸ್ಯೆ. ನನ್ನ ಪುಟಕ್ಕೆ ಫಾಲೋವರ್‌ಗಳು ಹೆಚ್ಚಾಗುತ್ತಿಲ್ಲ. ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು?

ಸೂಜಿದಾರ

ಹೊಸಬರೇ, ಅದು ಬೇರೆ ಸಮಸ್ಯೆ, ಬೇರೆ ಚರ್ಚೆ ಆರಂಭಿಸಿ. ಇಲ್ಲಿ ದೋಣಿ ಅವರ ಹಣ ಹೋಗುತ್ತಿದೆ.

ಕಾಗದದೋಣಿ

ಮೂರನೇಬೆಂಚು ಪಂದ್ಯ ಗೆದ್ದಿದ್ದಾರೆ. ಶೇ 10 ರಿಯಾಯಿತಿಯ ಕೂಪನ್ ಕೊಟ್ಟಿದ್ದೆ. ಅದನ್ನು 420ರ ಲೆಕ್ಕದಲ್ಲಿ ಕಳೆಯುವುದನ್ನೇ ಮರೆತಿದ್ದೇನೆ. ಈಗ ನಾಚಿಕೆಯಾಗುತ್ತಿದೆ.

ಉಳಿದ ಉತ್ತರಗಳು. 3,000 ಎಂಬುದು ಎಲ್ಲ ಕ್ಲಿಕ್. ಲಿಂಕ್ ಕ್ಲಿಕ್ ಎಂಬ ಕಂಬಸಾಲು ಬೇರೆಯೇ ಇತ್ತು, ಹುಡುಕಿ ತೆರೆದೆ: 1,800. ಉಳಿದ 1,200 ಜನ ಫೋಟೋ ದೊಡ್ಡದು ಮಾಡಿ ನೋಡಿದವರು, ಮೆಚ್ಚುಗೆ ಒತ್ತಿದವರು, "ಇನ್ನಷ್ಟು ಓದಿ" ಒತ್ತಿದವರು ಇರಬೇಕು. ಹಾಗಾದರೆ ನನ್ನ ಅಂಗಡಿಯ ಬಾಗಿಲಿಗೆ ಬಂದವರ ಕ್ಲಿಕ್ ದರ ಶೇ 1.2.

ಆರ್ಡರ್ ಪುಸ್ತಕದಲ್ಲಿ 52 ಆರ್ಡರ್ ಇವೆ. 14 ಹಳೆಯ ಗ್ರಾಹಕರದ್ದು, 38 ಹೊಸಬರದ್ದು. ಹೊಸಬರಲ್ಲಿ 4 ವಾಪಸ್ ಬಂದಿವೆ. ಉಳಿದ 48ರಲ್ಲಿ 40 ಕೂಪನ್ ಬಳಸಿವೆ. ಜಾಹೀರಾತಿಗೆ ಮುಂಚಿನ 14 ದಿನದಲ್ಲಿ 24 ಆರ್ಡರ್ ಇದ್ದವು, ಅರ್ಧ ಹಳಬರದ್ದು, ಅರ್ಧ ಹೊಸಬರದ್ದು, ವಾಪಸ್ ಒಂದೂ ಇಲ್ಲ.

ಲೆಕ್ಕಪುಸ್ತಕ

ಎಲ್ಲವೂ ಇಲ್ಲೇ ಇದೆ, ಖಾತೆಯ ಒಗಟು ಬಿಡಿಸಿಬಿಡೋಣ.

ಜಾಹೀರಾತು ಇಲ್ಲದೆಯೂ ನಿಮಗೆ 24 ಆರ್ಡರ್ ಬರುತ್ತಿದ್ದವು. ಈಗ ವಾಪಸ್ ಬಾರದೆ ಉಳಿದ ಆರ್ಡರ್ 48. ಹಾಗಾಗಿ ಜಾಹೀರಾತಿನ ಹೆಸರಿಗೆ ಬರೆಯಬಹುದಾದ ಹೆಚ್ಚುವರಿ ಆರ್ಡರ್ 24, ಡ್ಯಾಶ್‌ಬೋರ್ಡ್ ಹೇಳಿದ 45 ಅಲ್ಲ. ಆ 24ರಿಂದ ತಲಾ 420ರಂತೆ 10,080 ಬಂತು. ಅದಕ್ಕೆ ಎದುರಾಗಿ ಜಾಹೀರಾತು 18,000, ಕೂಪನ್ 40 ಗುಣಿಸು 100 ಎಂದರೆ 4,000, ವಾಪಸ್ ಬಂದ ನಾಲ್ಕಕ್ಕೆ ಹೋಗಿ ಬರುವ ಸಾಗಣೆ ಸುಮಾರು 880. ಒಟ್ಟು 22,880. ಕಳೆದರೆ 12,800 ಖೋತಾ. ಸಾಮಾನ್ಯ ದಿನಗಳಲ್ಲಿ ಉಳಿಯುತ್ತಿದ್ದ 10,080ರಿಂದ ಇದನ್ನು ಇಳಿಸಿ, ಕೈಯಿಂದ ಹೋದದ್ದು 2,720. ನೀವು ಹೇಳಿದ 2,700 ಇದೇ.

ನಿಮ್ಮ ಖಾತೆ ಸುಳ್ಳು ಹೇಳುತ್ತಿರಲಿಲ್ಲ. ನೀವು ಡ್ಯಾಶ್‌ಬೋರ್ಡ್‌ನ 45ನ್ನು ಗ್ರಾಹಕರ ಸಂಖ್ಯೆ ಎಂದು ಓದಿದಿರಿ. ಅದು ಗ್ರಾಹಕರ ಸಂಖ್ಯೆಯಲ್ಲ, ಆ ವೇದಿಕೆ ತನ್ನದೆಂದು ಹಕ್ಕು ಸಾಧಿಸಿದ ಖರೀದಿಗಳ ಸಂಖ್ಯೆ.

ಉತ್ಸಾಹಿ

ಹಕ್ಕು ಸಾಧಿಸುವುದು ಎಂದರೇನು? ಖರೀದಿಯಾಗಿದ್ದರೆ ತಾನೇ ಎಣಿಸುತ್ತದೆ?

ಲೆಕ್ಕಪುಸ್ತಕ

ಖರೀದಿ ಆಗಿದೆ, ಸರಿ. ಯಾರಿಂದ ಆಯಿತು ಎಂಬುದು ಪ್ರಶ್ನೆ. ಪ್ರತಿ ವೇದಿಕೆಗೂ ಒಂದು ಅವಧಿಯ ನಿಯಮ ಇರುತ್ತದೆ. ಮೆಟಾದಲ್ಲಿ ಸಾಮಾನ್ಯವಾಗಿ ಮೊದಲೇ ಹೊಂದಿಸಿಟ್ಟಿರುವುದು ಕ್ಲಿಕ್ ಆದರೆ 7 ದಿನ, ಬರೀ ನೋಡಿದ್ದರೆ 1 ದಿನ. ಗೂಗಲ್ ಜಾಹೀರಾತಿನಲ್ಲಿ ಕ್ಲಿಕ್‌ಗೆ 30 ದಿನ. ಅಂದರೆ ಬೆಳಿಗ್ಗೆ ಜಾಹೀರಾತು ಕಣ್ಣ ಮುಂದೆ ಸರಿದುಹೋಗಿ, ಸಂಜೆ ಅದೇ ವ್ಯಕ್ತಿ ಬೇರೆ ದಾರಿಯಿಂದ ಬಂದು ಕೊಂಡರೂ ಅದು ಜಾಹೀರಾತಿನ ಖರೀದಿಯೇ. ಎರಡು ವೇದಿಕೆಗಳಲ್ಲಿ ಜಾಹೀರಾತು ಹಾಕಿದ್ದರೆ ಎರಡೂ ಅದನ್ನೇ ತಮ್ಮದು ಎನ್ನಬಹುದು, ಆಗ ಕೂಡಿಸಿದರೆ ನಿಮ್ಮ ಅಂಗಡಿಯ ಒಟ್ಟು ಆರ್ಡರಿಗಿಂತ ಹೆಚ್ಚಾಗುತ್ತದೆ.

ದೋಣಿ ಅವರೇ, ಕಂಬಸಾಲುಗಳ ಹೊಂದಾಣಿಕೆಯಲ್ಲಿ ಕ್ಲಿಕ್ ಮತ್ತು ನೋಟವನ್ನು ಬೇರೆ ಬೇರೆ ತೋರಿಸುವ ಆಯ್ಕೆ ಇರಬೇಕು. ಒಮ್ಮೆ ನೋಡಿ.

ಕಾಗದದೋಣಿ

ನೋಡಿದೆ. ಕ್ಲಿಕ್ 27, ನೋಟ 18.

ಇನ್ನೊಂದು ಸಂಗತಿ ಹೇಳಲೇಬೇಕು. ಆ ದಿನಗಳಲ್ಲಿ ಕೊಂಡ ನನ್ನ ಹಳೆಯ ಗ್ರಾಹಕರೊಬ್ಬರಿಗೆ ಸಂದೇಶ ಕಳಿಸಿ ಕೇಳಿದೆ. ಅವರು ಹೇಳಿದ್ದು: "ಪುಸ್ತಕ ಮುಗಿದಿತ್ತು, ಹೇಗೂ ತೆಗೆದುಕೊಳ್ಳುವವಳಿದ್ದೆ. ನಿಮ್ಮ ಜಾಹೀರಾತು ಕಂಡಿತು, ಕೂಪನ್ ಇತ್ತು, ಖುಷಿಯಾಯಿತು." ಅವರಿಗೆ ಖುಷಿಯಾಯಿತು, ನಾನು 100 ಕಳೆದುಕೊಂಡೆ. ಇಂಥ ಹಳಬರು ಹತ್ತು ಜನ ಕೂಪನ್ ಬಳಸಿದ್ದಾರೆ.

ಮೂರನೇಬೆಂಚು

ಮನೆಗೆ ಬರುತ್ತಿದ್ದವರನ್ನು ದಾರಿಯಲ್ಲಿ ನಿಲ್ಲಿಸಿ, ಕೈಯಲ್ಲಿ ನೂರು ಇಟ್ಟು, ನಾನೇ ಕರೆದುಕೊಂಡು ಬಂದೆ ಎಂದಂತಾಯಿತು.

ಮಣ್ಣಿನಮಡಕೆ

ಅದಕ್ಕೇ ನಾನು ಡ್ಯಾಶ್‌ಬೋರ್ಡ್ ನಂಬುವುದನ್ನೇ ಬಿಟ್ಟಿದ್ದೇನೆ. ಅವು ಯಾವಾಗಲೂ ಹೆಚ್ಚು ಮಾಡಿಯೇ ತೋರಿಸುತ್ತವೆ. ಅವರಿಗೆ ಜಾಹೀರಾತು ಮಾರಬೇಕಲ್ಲ.

ನಾನು ಮಣ್ಣಿನ ಪಾತ್ರೆ ಮಾರುತ್ತೇನೆ. ನನ್ನ ಕಥೆ ಬೇರೆ. ಒಂದು ಸಲ ಜಾಹೀರಾತಿನಿಂದ ಎಂದೂ ಕಾಣದಷ್ಟು ಆರ್ಡರ್ ಬಂದವು, ಗ್ರಾಹಕನಿಗೆ ತಗುಲಿದ ವೆಚ್ಚವೂ ಕಡಿಮೆಯೇ ಇತ್ತು. ಆದರೆ ಹೊಸ ಗಿರಾಕಿಗಳೆಲ್ಲ ದೂರದವರು. ಸಾಗಣೆಯಲ್ಲಿ ಹತ್ತರಲ್ಲಿ ಎರಡು ಒಡೆದವು. ಮತ್ತೆ ಮಾಡಿ ಕಳಿಸಿದೆ. ಆ ಎರಡನೆಯ ಪಾತ್ರೆಯ ಮಣ್ಣು, ಸುಡುವ ಖರ್ಚು, ಎರಡನೆಯ ಸಲದ ಸಾಗಣೆ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಇರಲಿಲ್ಲ. ಆಮೇಲೆ ಪೆಟ್ಟಿಗೆಯ ಅಳತೆ ಬದಲಿಸಿ, ನಾಲ್ಕೂ ಬದಿಗೆ ಎರಡು ಬೆರಳು ಜಾಗ ಬಿಟ್ಟು ಕಾಗದದ ಚೂರು ತುಂಬಿದ ಮೇಲೆ ಸರಿಹೋಯಿತು.

ಲೆಕ್ಕಪುಸ್ತಕ

ಮಡಕೆಯವರೇ, "ಯಾವಾಗಲೂ ಹೆಚ್ಚು" ಎಂಬುದು ಅರ್ಧ ಸತ್ಯ. ಕಡಿಮೆಯೂ ಎಣಿಸುತ್ತವೆ. 2021ರಲ್ಲಿ ಐಫೋನ್‌ನ ಐಓಎಸ್ 14.5 ಬಂದ ಮೇಲೆ, ಬೇರೆ ಆ್ಯಪ್ ಮತ್ತು ಜಾಲತಾಣಗಳಲ್ಲಿ ಬಳಕೆದಾರರ ಜಾಡು ಹಿಡಿಯಬೇಕಾದರೆ ಆ್ಯಪ್ ಮೊದಲು ಅನುಮತಿ ಕೇಳಬೇಕು. ಬೇಡ ಎಂದವರ ಖರೀದಿ ನೇರವಾಗಿ ಕಾಣುವುದಿಲ್ಲ, ಕೆಲವನ್ನು ವೇದಿಕೆ ಅಂದಾಜಿನಿಂದ ತುಂಬುತ್ತದೆ. ಫೋನಿನಲ್ಲಿ ಕ್ಲಿಕ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಕೊಂಡವರೂ ಎಷ್ಟೋ ಸಲ ತಪ್ಪಿಹೋಗುತ್ತಾರೆ. ಹಾಗಾಗಿ ಆ ಸಂಖ್ಯೆ ಎರಡೂ ಕಡೆ ವಾಲುತ್ತದೆ. ದೋಣಿಯವರಿಗೆ ಈ ಸಲ ಮೇಲಕ್ಕೆ ವಾಲಿದೆ, ಅಷ್ಟೇ.

ಸೂಜಿದಾರ

ನಾನು ಕಸೂತಿ ಚೀಲಗಳನ್ನು ಮಾರುತ್ತೇನೆ. ಇದಕ್ಕೆಲ್ಲ ಒಂದು ಸುಲಭ ಉಪಾಯ ಮಾಡಿದ್ದೆ. ಹಣ ಪಾವತಿಸಿದ ಮೇಲಿನ ಪುಟದಲ್ಲಿ "ನಮ್ಮ ಬಗ್ಗೆ ಎಲ್ಲಿ ತಿಳಿಯಿತು?" ಎಂದು ಒಂದು ಪ್ರಶ್ನೆ ಇಟ್ಟೆ. ಬಹಳ ಜನ ಉತ್ತರಿಸಿದರು. ಆದರೆ ಪೂರ್ತಿ ನಂಬಬೇಡಿ. ಒಬ್ಬರು "ಗೆಳತಿ ಹೇಳಿದಳು" ಎಂದು ಬರೆದಿದ್ದರು, ಅವರ ಆರ್ಡರಿನ ಜೊತೆ ಜಾಹೀರಾತಿನ ಲಿಂಕ್ ಇತ್ತು. ಮಾತಾಡಿಸಿದಾಗ ಗೊತ್ತಾಯಿತು, ಗೆಳತಿ ಜಾಹೀರಾತನ್ನೇ ಅವರಿಗೆ ಕಳಿಸಿದ್ದಳು. ಯಾರ ಲೆಕ್ಕಕ್ಕೆ ಬರೆಯಲಿ ಹೇಳಿ?

ಮೂರನೇಬೆಂಚು

ಗೆಳತಿಗೆ ಒಂದು ಚೀಲ ಕಳಿಸಿ.

ಅಂಕಿಅಂಶ

ಲೆಕ್ಕಪುಸ್ತಕ ಸರ್, ನಿಮ್ಮ ಕೂಡು ಕಳೆ ಸರಿಯಿದೆ, ಆದರೆ ಒಂದು ಕಡೆ ತಕರಾರಿದೆ. "ಜಾಹೀರಾತು ಇಲ್ಲದಿದ್ದರೂ 24 ಬರುತ್ತಿದ್ದವು" ಎಂದು ಒಂದೇ 14 ದಿನವನ್ನು ನೋಡಿ ಹೇಳಿದ್ದೀರಿ. ಸಣ್ಣ ಸಂಖ್ಯೆಗಳು ತಮ್ಮಷ್ಟಕ್ಕೇ ಕುಣಿಯುತ್ತವೆ. ಸರಾಸರಿ 12 ಹೊಸ ಗ್ರಾಹಕರು ಬರುವ ಅಂಗಡಿಯಲ್ಲಿ, ಏನೂ ಬದಲಾಗದಿದ್ದರೂ, ಒಂದು ಅವಧಿಯಲ್ಲಿ 8 ಬಂದು ಇನ್ನೊಂದರಲ್ಲಿ 16 ಬರುವುದು ವಿಚಿತ್ರವಲ್ಲ. ಅದರ ಮೇಲೆ ನೋಟ್‌ಬುಕ್ ಎಂದರೆ ಶಾಲೆ ಕಾಲೇಜು ಆರಂಭವಾಗುವ ಹೊತ್ತಿಗೂ ವರ್ಷಾಂತ್ಯಕ್ಕೂ ಬೇಡಿಕೆ ಏರುತ್ತದೆ. ಜಾಹೀರಾತಿನ 14 ದಿನ ಅಂಥ ಏರಿಕೆಯಲ್ಲಿ ಬಿದ್ದಿದ್ದರೆ, ಜಾಹೀರಾತಿಗೆ ನೀವು ಕೊಟ್ಟ 24 ಕೂಡ ಹೆಚ್ಚೇ. ಇಳಿಕೆಯಲ್ಲಿ ಬಿದ್ದಿದ್ದರೆ ಕಡಿಮೆ.

ಲೆಕ್ಕಪುಸ್ತಕ

ಒಪ್ಪಿದೆ. ಅದಕ್ಕೇ ಒಂದು ಸಂಖ್ಯೆ ಹಿಡಿದು ಕೂರುವುದಕ್ಕಿಂತ ಎರಡು ತುದಿ ನೋಡುವುದು ವಾಸಿ.

ವಾಪಸ್ ಬಂದದ್ದನ್ನು ಬಿಟ್ಟರೆ ಹೊಸ ಗ್ರಾಹಕರು 34. ಮುಂಚಿನ 12ನ್ನು ಕಳೆದರೆ 22. ಕೂಪನ್ ಮತ್ತು ವಾಪಸಾತಿ ಸೇರಿ ಖರ್ಚು 22,880. ಹಾಗಾಗಿ ನಿಜವಾಗಿ ಹೆಚ್ಚುವರಿಯಾಗಿ ಬಂದ ಒಬ್ಬ ಹೊಸ ಗ್ರಾಹಕನಿಗೆ ತಗುಲಿದ್ದು 1,040. ಇದು ಕೆಟ್ಟ ತುದಿ. ಒಳ್ಳೆಯ ತುದಿ ಬೇಕೆಂದರೆ ಅತಿ ಉದಾರವಾಗಿ 34 ಜನರೂ ಜಾಹೀರಾತಿನಿಂದಲೇ ಬಂದರು ಎಂದುಕೊಳ್ಳಿ. ಆಗಲೂ 673. ಸತ್ಯ ಬಹುಶಃ ಈ ಎರಡರ ನಡುವೆ ಎಲ್ಲೋ ಇದೆ. ಮೊದಲ ಆರ್ಡರಿನಿಂದ ಸಿಗುವುದು 420. ಅಂಕಿಅಂಶ ಅವರ ಕುಣಿತ ಯಾವ ಕಡೆಗಿದ್ದರೂ ಮೊದಲ ಮಾರಾಟದಲ್ಲಿ ಇದು ನಷ್ಟವೇ.

ಉತ್ಸಾಹಿ

ಆದರೆ ಗ್ರಾಹಕ ಒಂದೇ ಸಲ ಕೊಂಡು ಹೋಗಿಬಿಡುತ್ತಾನೆಯೇ? ಮತ್ತೆ ಬರುತ್ತಾನಲ್ಲ. ನಾನು ಮೊದಲೇ ಹೇಳಿದ್ದು ಇದನ್ನೇ.

ಲೆಕ್ಕಪುಸ್ತಕ

ನೀವು ಹೇಳಿದ್ದು ರೀಚ್ ದೊಡ್ಡದು ಎಂದು. ಆದರೆ ಈ ಮಾತು ಸರಿಯಾದದ್ದು, ಒಪ್ಪುತ್ತೇನೆ. ದೋಣಿ ಅವರೇ, ಒಂದು ವರ್ಷದ ಹಿಂದೆ ಮೊದಲ ಸಲ ಕೊಂಡವರನ್ನು ತೆಗೆದು ನೋಡಿ, ಇಂದಿನವರೆಗೆ ಅವರು ಒಟ್ಟು ಎಷ್ಟು ಆರ್ಡರ್ ಮಾಡಿದ್ದಾರೆ? ಈಚಿನವರನ್ನು ಸೇರಿಸಬೇಡಿ, ಅವರಿಗೆ ಮತ್ತೆ ಬರಲು ಸಮಯವೇ ಸಿಕ್ಕಿರುವುದಿಲ್ಲ.

ಕಾಗದದೋಣಿ

ರಾತ್ರಿ ಕುಳಿತು ಎಣಿಸಿದೆ. ಆಗ ಮೊದಲ ಸಲ ಕೊಂಡವರು 40 ಜನ. ಅವರಲ್ಲಿ 14 ಜನ ಮತ್ತೆ ಬಂದಿದ್ದಾರೆ, ಇನ್ನೂ 22 ಆರ್ಡರ್ ಕೊಟ್ಟಿದ್ದಾರೆ. ಒಬ್ಬರಂತೂ ಐದು ಸಲ. ಒಟ್ಟು 62 ಆರ್ಡರ್, ತಲೆಗೆ 1.55. ಅಂದರೆ ವರ್ಷದಲ್ಲಿ ಒಬ್ಬ ಗ್ರಾಹಕನಿಂದ ಸುಮಾರು 651.

ಹಾಗಾದರೆ 673ಕ್ಕೆ ಹತ್ತಿರ ಬಂತಲ್ಲ? ಸ್ವಲ್ಪ ಉಸಿರು ಬಂತು.

ಅಂಕಿಅಂಶ

ಉಸಿರು ಬಿಡುವ ಮುನ್ನ ಎರಡು ಮಾತು. ಆ 40 ಜನ ಬಾಯಿಮಾತಿನಿಂದ ಬಂದವರು. ಗೆಳೆಯರ ಮಾತು ಕೇಳಿ ಬಂದವರು ಮರಳುವಷ್ಟು, ಕೂಪನ್ ನೋಡಿ ಬಂದವರು ಮರಳುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಇನ್ನೊಂದು, ಐದು ಸಲ ಬಂದ ಆ ಒಬ್ಬರನ್ನು ತೆಗೆದುಬಿಟ್ಟರೆ 39 ಜನಕ್ಕೆ 57 ಆರ್ಡರ್, ತಲೆಗೆ 1.46. ಒಬ್ಬ ವ್ಯಕ್ತಿಯಿಂದ ಸರಾಸರಿ ಇಷ್ಟು ಅಲುಗಾಡುತ್ತದೆ.

ಮಣ್ಣಿನಮಡಕೆ

ಮತ್ತು ಆ 651 ಬರುವುದು ಒಂದು ವರ್ಷದಲ್ಲಿ. ಜಾಹೀರಾತಿನ ಬಿಲ್ ಕಟ್ಟಬೇಕಾದದ್ದು ಈ ತಿಂಗಳು. ಕಾಗದದ ವ್ಯಾಪಾರಿ ಮುಂದಿನ ವರ್ಷದ ಲಾಭ ನೋಡಿ ಸಾಲ ಕೊಡುವುದಿಲ್ಲ.

ಉತ್ಸಾಹಿ

ಹೀಗೆ ಹೆದರಿಸಿದರೆ ಯಾರೂ ಜಾಹೀರಾತೇ ಹಾಕುವುದಿಲ್ಲ. ದೊಡ್ಡವರೆಲ್ಲ ಮೊದಲು ನಷ್ಟ ಮಾಡಿಯೇ ಬೆಳೆದದ್ದು.

ಮಣ್ಣಿನಮಡಕೆ

ದೊಡ್ಡವರ ನಷ್ಟ ಬೇರೆಯವರ ಹಣದಲ್ಲಿ ಆಗುತ್ತದೆ, ಸ್ವಾಮಿ.

ಸೂಜಿದಾರ

ಇಬ್ಬರೂ ನಿಲ್ಲಿಸಿ. ನನಗೆ ಬೇರೆಯೇ ಕುತೂಹಲ. 1,800 ಜನ ಲಿಂಕ್ ಒತ್ತಿದರು. ಅವರಲ್ಲಿ ಎಷ್ಟು ಜನರಿಗೆ ಪುಟ ತೆರೆಯಿತು? ನನ್ನ ಅಂಗಡಿಯಲ್ಲಿ ಸೋರಿಕೆ ಇದ್ದದ್ದು ಅಲ್ಲೇ. ಕ್ಲಿಕ್ ಬೇರೆ, ಪುಟ ತೆರೆದದ್ದು ಬೇರೆ ಎಂದು ಎಷ್ಟೋ ಕಾಲ ನನಗೆ ಗೊತ್ತೇ ಇರಲಿಲ್ಲ.

ಕಾಗದದೋಣಿ

ಸೂಜಿದಾರ ಅಕ್ಕ, ನೀವು ಕೇಳಿದ ಮೇಲೆ ನೋಡಿದೆ. ಪುಟ ತೆರೆದದ್ದು 1,170. ಹಾಗಾದರೆ 630 ಜನ ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹೋಗಿದ್ದಾರೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ತಂಗಿಯ ಹಳೆಯ ಫೋನ್ ತೆಗೆದುಕೊಂಡು, ವೈಫೈ ಆರಿಸಿ, ನನ್ನದೇ ಜಾಹೀರಾತನ್ನು ಒತ್ತಿದೆ. ಬಿಳಿ ತೆರೆ. ಮನಸ್ಸಿನಲ್ಲೇ ಎಣಿಸಿದೆ, ಹನ್ನೊಂದಕ್ಕೆ ಬಂದಾಗ ಶೀರ್ಷಿಕೆ ಮೂಡಿತು. ಫೋಟೋ ಇನ್ನೂ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಹೊಲಿಗೆಯ ದಾರ ಚೆನ್ನಾಗಿ ಕಾಣಲಿ ಎಂದು ಕ್ಯಾಮೆರಾದಿಂದ ಬಂದ ಫೋಟೋವನ್ನು ಹಾಗೆಯೇ ಹಾಕಿದ್ದೆ. ಒಂದೊಂದು 4 ಎಂಬಿ. ಇಂಥವು ಏಳು. ನಾನೇ ಗ್ರಾಹಕಳಾಗಿದ್ದರೆ ಐದಕ್ಕೇ ಹಿಂದೆ ಹೋಗುತ್ತಿದ್ದೆ.

ಸೂಜಿದಾರ

ನೋಡಿದಿರಾ! ಕಂಪ್ಯೂಟರ್‌ನಲ್ಲಿ ನೋಡುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಪುಟ ನಮ್ಮ ಬ್ರೌಸರ್‌ನಲ್ಲಿ ಮೊದಲೇ ಉಳಿದಿರುತ್ತದೆ, ಥಟ್ಟನೆ ತೆರೆಯುತ್ತದೆ.

ಲೆಕ್ಕಪುಸ್ತಕ

ಒಳ್ಳೆಯ ಪತ್ತೆ. ಒಂದು ಎಚ್ಚರಿಕೆ ಮಾತ್ರ: 630ರಲ್ಲಿ ಎಲ್ಲವೂ ನಿಧಾನದಿಂದ ಕಳೆದುಹೋದವಲ್ಲ. ಬೆರಳು ತಪ್ಪಿ ಒತ್ತಿದವರೂ ಇರುತ್ತಾರೆ, ಎಣಿಕೆಯ ಕೋಡ್ ಓಡದೆ ತಪ್ಪಿಹೋದ ಭೇಟಿಗಳೂ ಇರುತ್ತವೆ. ಸ್ವಲ್ಪ ಸೋರಿಕೆ ಎಲ್ಲರಿಗೂ ಇದ್ದದ್ದೇ. ಆದರೆ ಮೂರರಲ್ಲಿ ಒಂದು ಹೋಗುತ್ತಿದ್ದು, ಜೊತೆಗೆ ಹನ್ನೊಂದರವರೆಗೆ ಎಣಿಸಬೇಕಾಗಿ ಬಂದರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಪಾಲು, ಹೇಳುವಾಗಲೂ ಇದೇ ಗಲಿಬಿಲಿ. ಜಾಹೀರಾತಿನ ಲಿಂಕ್‌ನಿಂದ ಬಂದ ಆರ್ಡರ್ ಎಷ್ಟು ಎಂದು ನಿಮ್ಮ ಅಂಗಡಿಯೇ ಗುರುತಿಸಿದೆಯೇ?

ಕಾಗದದೋಣಿ

ಲಿಂಕ್‌ಗೆ ಬಾಲ ಅಂಟಿಸಿದ್ದೆ, ಅದರ ಪ್ರಕಾರ 21.

ಲೆಕ್ಕಪುಸ್ತಕ

ಹಾಗಾದರೆ ಲಿಂಕ್ ಕ್ಲಿಕ್‌ನ ಮೇಲೆ ಕನ್ವರ್ಷನ್ ಸುಮಾರು ಶೇ 1.2, ಪುಟ ತೆರೆದವರ ಮೇಲೆ ಶೇ 1.8. ಎರಡೂ ಸರಿ, ಆದರೆ ಎರಡೂ ಬೇರೆ ಮಾತು ಹೇಳುತ್ತವೆ. ಫೋಟೋ ಹಗುರ ಮಾಡಿದರೆ ಮೊದಲನೆಯದು ಏರಬೇಕು. ಎರಡನೆಯದು ಹೆಚ್ಚು ಅಲುಗಾಡಬೇಕಿಲ್ಲ, ಏಕೆಂದರೆ ಅದು ಒಳಗೆ ಬಂದವರಿಗೆ ನಿಮ್ಮ ಪುಸ್ತಕ ಮತ್ತು ಬೆಲೆ ಹಿಡಿಸಿತೇ ಎಂಬುದರ ಅಳತೆ. ಫೋಟೋ ಬದಲಿಸಿದ ಮೇಲೆ ಎರಡನೆಯದು ಕುಸಿದರೂ ಹೆದರಬೇಡಿ. ಹನ್ನೊಂದರವರೆಗೆ ಕಾಯುತ್ತಿದ್ದವರು ಗಟ್ಟಿ ಆಸಕ್ತಿಯ ಜನ, ಈಗ ಚಂಚಲರೂ ಒಳಗೆ ಬರುತ್ತಾರೆ.

ಹೊಸಬ

ಲಿಂಕ್‌ಗೆ ಬಾಲ ಎಂದರೇನು? ನಾನು ಬರೀ ಜಾಲತಾಣದ ವಿಳಾಸ ಹಾಕುತ್ತೇನೆ.

ಕಾಗದದೋಣಿ

ವಿಳಾಸದ ಕೊನೆಯಲ್ಲಿ ಹೀಗೆ ಸೇರಿಸುವುದು. ಕೊನೆಯ ಪದವನ್ನು ಪ್ರತಿ ಜಾಹೀರಾತಿಗೂ ಬೇರೆ ಇಡುತ್ತೇನೆ. ಆಗ ಯಾವ ಫೋಟೋ ನೋಡಿ ಬಂದರು ಎಂದು ತಿಳಿಯುತ್ತದೆ.

```
?utm_source=social&utm_medium=paid&utm_campaign=notebook1&utm_content=photo_a
```

ನನಗೆ photo_a ಇಂದ 13, photo_b ಇಂದ 8 ಆರ್ಡರ್ ಬಂದವು. ಹಾಗಾಗಿ ಮುಂದಿನ ಸಲ photo_b ಬಿಟ್ಟುಬಿಡುತ್ತೇನೆ.

ಅಂಕಿಅಂಶ

ಬಿಡಬೇಡಿ! 13 ಮತ್ತು 8ರ ನಡುವಿನ ಅಂತರ ನಾಣ್ಯ ಚಿಮ್ಮಿದರೂ ಬರುತ್ತದೆ. 21 ಸಲ ನಾಣ್ಯ ಚಿಮ್ಮಿ, ಒಂದು ಮುಖ 13 ಅಥವಾ ಅದಕ್ಕಿಂತ ಹೆಚ್ಚು ಸಲ ಬಿದ್ದರೆ ಯಾರೂ ನಾಣ್ಯವನ್ನು ಅನುಮಾನಿಸುವುದಿಲ್ಲ. ಫೋಟೋಗಳ ನಡುವೆ ಆರಿಸಬೇಕೆಂದರೆ ಲಿಂಕ್ ಕ್ಲಿಕ್ ನೋಡಿ, ಅಲ್ಲಿ ಸಂಖ್ಯೆ ದೊಡ್ಡದಿದೆ.

ಲೆಕ್ಕಪುಸ್ತಕ

ಲಿಂಕ್ ಕ್ಲಿಕ್‌ಗೂ ಒಂದು ಮಿತಿ ಇದೆ. ಕ್ಲಿಕ್ ತರುವ ಫೋಟೋ ಮತ್ತು ಕೊಳ್ಳುವವರನ್ನು ತರುವ ಫೋಟೋ ಒಂದೇ ಆಗಿರಬೇಕೆಂದಿಲ್ಲ. ಬೆಲೆ ಬರೆದ ಫೋಟೋ ಹಾಕಿದಾಗ ಕ್ಲಿಕ್ ದರ ಇಳಿದು, ಒಬ್ಬ ಗ್ರಾಹಕನ ವೆಚ್ಚವೂ ಇಳಿದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಅಂಗಡಿಗಳಲ್ಲಿ ನೋಡಿದ್ದೇನೆ. ದುಬಾರಿ ಎನಿಸಿದವರು ಒತ್ತುವುದೇ ಇಲ್ಲ.

ಅಂಕಿಅಂಶ

ಅದು ಸರಿ. ಆದರೆ ಈ ಖರ್ಚಿನ ಮಟ್ಟದಲ್ಲಿ ಆರ್ಡರ್‌ನಿಂದ ಏನನ್ನೂ ನಿರ್ಧರಿಸಲಾಗದು, ಕ್ಲಿಕ್‌ನಿಂದ ನಿರ್ಧರಿಸಿದರೆ ತಪ್ಪಾಗಬಹುದು. ಎರಡರಲ್ಲಿ ಯಾವ ತಪ್ಪು ಚಿಕ್ಕದು ಎಂಬ ಬಗ್ಗೆ ನಾವಿಬ್ಬರೂ ಒಪ್ಪುವುದಿಲ್ಲ ಎಂದು ಕಾಣುತ್ತದೆ.

ಮೂರನೇಬೆಂಚು

photo_a ಯಾವುದು? ನೀಲಿ ದಾರದ್ದೇ? ಅದರ ಬೆನ್ನಿನ ಹೊಲಿಗೆಗೆ ಮೇಣ ಸವರಿದ ದಾರ ಬಳಸುತ್ತೀರಾ ಅಥವಾ ಬರೀ ಹತ್ತಿಯದೇ? ನನ್ನದು ಪ್ರತಿ ಸಲ ಬಿಗಿಯುವಾಗ ಕಾಗದವನ್ನು ಸೀಳುತ್ತದೆ.

ಕಾಗದದೋಣಿ

ಮೇಣ ಸವರಿದ ನಾರಿನ ದಾರ. ಕಾಗದ ಸೀಳುತ್ತಿದ್ದರೆ ದಾರವನ್ನು ಮೇಲಕ್ಕೆ ಎಳೆಯುತ್ತಿದ್ದೀರಿ, ಮಡಿಕೆಯ ಉದ್ದಕ್ಕೆ ಸಮನಾಗಿ ಎಳೆಯಿರಿ.

ಮಣ್ಣಿನಮಡಕೆ

ಕೊನೆಗೆ ಈ ಚರ್ಚೆಯಲ್ಲಿ ಒಬ್ಬರಿಗಾದರೂ ಖಚಿತ ಉತ್ತರ ಸಿಕ್ಕಿತು.

ಲೆಕ್ಕಪುಸ್ತಕ

ದೋಣಿ ಅವರೇ, ಮುಂದಿನ ಸುತ್ತಿಗೆ ನನ್ನ ಸಲಹೆ. ಫೋಟೋ ಹಗುರ ಮಾಡಿ. ಹಳೆಯ ಗ್ರಾಹಕರ ಪಟ್ಟಿಯನ್ನು ವೇದಿಕೆಗೆ ಕೊಟ್ಟು, ಇವರಿಗೆ ತೋರಿಸಬೇಡ ಎಂದು ಹೇಳಿ. ಎಲ್ಲರೂ ಗುರುತಾಗುವುದಿಲ್ಲ, ಇಮೇಲ್ ಅಥವಾ ಫೋನ್ ಸಂಖ್ಯೆ ವೇದಿಕೆಯಲ್ಲಿರುವುದಕ್ಕೆ ತಾಳೆಯಾದವರು ಮಾತ್ರ. ಪಟ್ಟಿ ಕೊಡಲು ನಿಮ್ಮ ಗ್ರಾಹಕರ ಒಪ್ಪಿಗೆ ಇದೆಯೇ ಎಂದೂ ನೋಡಿಕೊಳ್ಳಿ. ಕೂಪನ್ ಅನ್ನು ಮೊದಲ ಆರ್ಡರಿಗೆ ಮಾತ್ರ ನಡೆಯುವಂತೆ ಹೊಂದಿಸಿ. ಆಮೇಲೆ 14 ದಿನ ಜಾಹೀರಾತು ಪೂರ್ತಿ ನಿಲ್ಲಿಸಿ, ಆರ್ಡರ್ ಪುಸ್ತಕ ಮಾತ್ರ ನೋಡುತ್ತಿರಿ. ನಂತರ 14 ದಿನ ನಡೆಸಿ. ಇದನ್ನು ಇನ್ನೊಂದು ಸಲ ಮಾಡಿದರೆ ಜಾಹೀರಾತಿಲ್ಲದೆ ಬರುವ ಹೊಸಬರು 12 ಎಂಬ ಲೆಕ್ಕ ಎಷ್ಟು ಗಟ್ಟಿ ಎಂಬ ಅಂದಾಜು ಸಿಗುತ್ತದೆ.

ಉತ್ಸಾಹಿ

ನಿಲ್ಲಿಸಿದರೆ, ಯಾರಿಗೆ ತೋರಿಸಬೇಕು ಎಂದು ವೇದಿಕೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಮತ್ತೆ ಮೊದಲಿನಿಂದ ಆರಂಭಿಸಬೇಕು.

ಲೆಕ್ಕಪುಸ್ತಕ

ಅದು ಪೂರ್ತಿ ಸುಳ್ಳಲ್ಲ. ಮತ್ತೆ ಆರಂಭಿಸಿದಾಗ ಕೆಲವು ದಿನ ವೆಚ್ಚ ಏರುಪೇರಾಗುತ್ತದೆ. ಆದರೆ 14 ದಿನಕ್ಕೆ 45 ಖರೀದಿ, ಅದರಲ್ಲೂ 18 ಬರೀ ನೋಟದ್ದು. ಇಷ್ಟರಿಂದ ವೇದಿಕೆ ಅಂಥದ್ದೇನೂ ಕಲಿತಿರಲಾರದು.

ಅಂಕಿಅಂಶ

ನನ್ನ ಮತ ಬೇರೆ. ಒಮ್ಮೆ ನಿಲ್ಲಿಸಿ ಒಮ್ಮೆ ನಡೆಸುವುದರ ಬದಲು, ಅರ್ಧ ಊರುಗಳಿಗೆ ತೋರಿಸಿ ಅರ್ಧಕ್ಕೆ ತೋರಿಸದೆ ಇರುವುದು ಮೇಲು, ಋತುವಿನ ಏರಿಳಿತ ಎರಡೂ ಕಡೆ ಒಂದೇ ಇರುತ್ತದೆ.

ಲೆಕ್ಕಪುಸ್ತಕ

ಸಾವಿರ ಆರ್ಡರ್ ಇದ್ದವರಿಗೆ ಅದೇ ಸರಿ. 12ನ್ನು ಊರುಗಳಿಗೆ ಹಂಚಿದರೆ ಊರಿಗೆ ಒಂದೂ ಬರುವುದಿಲ್ಲ.

ಕಾಗದದೋಣಿ

ಫೋಟೋಗಳನ್ನು 180 ಕೆಬಿಗೆ ಇಳಿಸಿದೆ. ತಂಗಿಯ ಫೋನಿನಲ್ಲಿ ಈಗ ಮೂರು ಎಣಿಸುವಷ್ಟರಲ್ಲಿ ಬರುತ್ತದೆ. ದಾರ ಹಿಂದಿನಷ್ಟೇ ಚೆನ್ನಾಗಿ ಕಾಣುತ್ತಿದೆ, ಇಷ್ಟು ದಿನ ಸುಮ್ಮನೆ ಹಠ ಹಿಡಿದಿದ್ದೆ. ಹಳಬರಿಗೆ ಕೂಪನ್ ನಡೆಯದಂತೆ ಮಾಡಿದೆ. ಪಟ್ಟಿ ಕೊಡುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ, ಯಾರನ್ನೂ ಒಪ್ಪಿಗೆ ಕೇಳಿರಲಿಲ್ಲ. ಇಂದಿನಿಂದ 14 ದಿನ ಜಾಹೀರಾತು ಬಂದ್.

ಲೆಕ್ಕಪುಸ್ತಕ

ಒಳ್ಳೆಯದು. 14 ದಿನ ಮುಗಿಯುವವರೆಗೆ ಸಂಖ್ಯೆ ಕೂಡಿಸಬೇಡಿ, ಮಧ್ಯದಲ್ಲಿ ನೋಡಿದರೆ ಕೈ ತುರಿಸುತ್ತದೆ.

ಕಾಗದದೋಣಿ

ಬೆಳಿಗ್ಗೆಯಿಂದ ಎರಡು ಸಲ ನೋಡಿಬಿಟ್ಟಿದ್ದೇನೆ.